ಸ್ಕ್ರೂಟಿನಿಗೆ ರಿಟರ್ನ್ ಆಯ್ಕೆಯಾಗುವ ಬಗೆ: ಅಪಾಯದ ಅಂಕ

ನಮ್ಮ ದೇಶದಲ್ಲಿ ಸಲ್ಲಿಕೆಯಾಗುವ ಆದಾಯ ತೆರಿಗೆ ರಿಟರ್ನ್‌ಗಳ ಕೂಡು–ಕಳೆಯುವ ಲೆಕ್ಕವನ್ನು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರವು 1961ರ ಕಾಯ್ದೆಯ 143(1)ನೇ ಕಲಮಿನಡಿ ಯಂತ್ರದ ಮೂಲಕವೇ ನೋಡಿ ಮುಗಿಸುತ್ತದೆ. ಅಧಿಕಾರಿಗಳು ಸ್ಕ್ರೂಟಿನಿಗೆ ಒಳಪಡಿಸುವುದು, ಅಂದರೆ ಆಳವಾಗಿ ಪರಿಶೀಲಿಸುವುದು, ಅವುಗಳಲ್ಲಿ ಅತಿ ಸಣ್ಣ ಪಾಲನ್ನು ಮಾತ್ರ. ಆ ಪಾಲಿನ ಬಹುಭಾಗವನ್ನು ಆರಿಸುವ ಕಂಪ್ಯೂಟರ್ ಆಧಾರಿತ ವ್ಯವಸ್ಥೆಗೆ 'ಕ್ಯಾಸ್' ಎಂದು ಹೆಸರು. ಅದರ ನಿಖರ ನಿಯಮಗಳನ್ನು ಇಲಾಖೆ ಬಹಿರಂಗಪಡಿಸುವುದಿಲ್ಲ, ಏಕೆಂದರೆ ಗಡಿ ಎಲ್ಲಿದೆಯೆಂದು ತಿಳಿದವರು ಅದರ ಕೆಳಗೇ ನಿಲ್ಲುತ್ತಾರೆ. ಆದರೂ ಅದರ ಹಿಂದಿರುವ ತರ್ಕವನ್ನು ಅರ್ಥಮಾಡಿಕೊಳ್ಳಬಹುದು.

ಅಪಾಯವೆಂದರೆ ತಪ್ಪಿರುವ ಸಂಭವ ಮಾತ್ರವಲ್ಲ; ಆ ಸಂಭವವನ್ನು ಕೈತಪ್ಪಬಹುದಾದ ತೆರಿಗೆಯಿಂದ ಗುಣಿಸಿದಾಗ ಬರುವ ಮೊತ್ತ. ಒಂದು ರಿಟರ್ನ್‌ನಲ್ಲಿ ತಪ್ಪಿರುವ ಸಂಭವ ಶೇ 60, ತೆರಿಗೆ 20,000 ರೂಪಾಯಿ ಎಂದುಕೊಳ್ಳೋಣ. ಅದರ ತೂಕ, ಅಂದರೆ ಅಪಾಯದ ಅಂಕ, 12,000. ಇನ್ನೊಂದರಲ್ಲಿ ಸಂಭವ ಶೇ 20, ತೆರಿಗೆ 3 ಲಕ್ಷ, ತೂಕ 60,000. ಅನುಮಾನ ಕಡಿಮೆಯಿದ್ದರೂ ಎರಡನೆಯದೇ ಮೊದಲು ಆಯ್ಕೆಯಾಗುತ್ತದೆ.

ಈ ಸಂಭವದ ಅಂದಾಜಿಗೆ ಆಧಾರವಾಗುವುದು ಮುಖ್ಯವಾಗಿ ಮೂರನೆಯವರು ಕೊಡುವ ಮಾಹಿತಿ. ಒಬ್ಬರ ಉಳಿತಾಯ ಖಾತೆಗಳಿಗೆ ವರ್ಷದಲ್ಲಿ ಒಟ್ಟು 10 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಜಮೆಯಾದರೆ ಬ್ಯಾಂಕು ಅದನ್ನು ಇಲಾಖೆಗೆ ವರದಿ ಮಾಡಬೇಕು. ಈಗ ತಂದೆ–ಮಗನ ಜಂಟಿ ಖಾತೆಯೊಂದನ್ನು ಊಹಿಸಿಕೊಳ್ಳಿ. ತಂದೆಯ ದಿನಸಿ ಅಂಗಡಿಯ 12 ಲಕ್ಷ ರೂಪಾಯಿ ನಗದು ಅದಕ್ಕೆ ಜಮೆಯಾಗಿದೆ. ತಂದೆ 15 ಲಕ್ಷದ ವಹಿವಾಟು ತೋರಿಸಿ, ವಹಿವಾಟಿನ ನಿಗದಿತ ಪಾಲನ್ನೇ ಲಾಭವೆಂದು ಎಣಿಸುವ ಊಹಾತ್ಮಕ ಲೆಕ್ಕದಂತೆ ಅದರ ಶೇ 8, ಅಂದರೆ 1.2 ಲಕ್ಷ ರೂಪಾಯಿಯನ್ನು ಲಾಭವೆಂದು ಘೋಷಿಸಿದ್ದಾರೆ. ಜಂಟಿ ಖಾತೆಯ ಪೂರ್ಣ ಮೊತ್ತವನ್ನು ಇಬ್ಬರ ಹೆಸರಿಗೂ ವರದಿ ಮಾಡುವುದು ನಿಯಮ. ತಂದೆಯ ರಿಟರ್ನ್‌ನಲ್ಲಿ ಆ ನಗದಿಗೆ ವಿವರಣೆಯಿದೆ. 7 ಲಕ್ಷ ಸಂಬಳವನ್ನಷ್ಟೇ ತೋರಿಸಿದ ಮಗನ ರಿಟರ್ನ್‌ನಲ್ಲಿ ಇಲ್ಲ. ಹೀಗಾಗಿ ಯಾವ ತಪ್ಪನ್ನೂ ಮಾಡದ ಮಗನ ಅಂಕ ಏರುತ್ತದೆ. ಇಂತಹ ವರದಿಗಳನ್ನು ತೆರಿಗೆದಾರರಿಗೆ ತೋರಿಸುವ ವಾರ್ಷಿಕ ಮಾಹಿತಿ ಹೇಳಿಕೆಯಲ್ಲಿ, ಈ ಮಾಹಿತಿ ಬೇರೊಬ್ಬರ ಪ್ಯಾನ್‌ಗೆ ಸೇರಿದ್ದೆಂದು ಪ್ರತಿಕ್ರಿಯೆ ದಾಖಲಿಸಲು ಅವಕಾಶವಿರುವುದು ಇಂತಹ ಸಂದರ್ಭಗಳಿಗಾಗಿಯೇ. ಅಂಕ ಹೇಳುವುದು 'ಇಲ್ಲಿ ಪ್ರಶ್ನೆಯಿದೆ' ಎಂದಷ್ಟೇ ಎಂಬುದನ್ನು ವಿದ್ಯಾರ್ಥಿಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಆಯ್ಕೆಯಾದವರಿಗೆ 143(2)ರಡಿ ನೋಟಿಸ್ ಬರುತ್ತದೆ. ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಅದು ತಲುಪಬೇಕು: 2024ರ ಜುಲೈನಲ್ಲಿ ಸಲ್ಲಿಸಿದ್ದರೆ 2025ರ ಜೂನ್ 30 ಕೊನೆಯ ದಿನ. ಸೀಮಿತ ಸ್ಕ್ರೂಟಿನಿಯಾದರೆ ಪ್ರಶ್ನೆ ಗುರುತಿಸಿದ ವಿಷಯಕ್ಕಷ್ಟೇ ಸೀಮಿತ.

ನನ್ನ ದೃಷ್ಟಿಯಲ್ಲಿ ಈ ವಿಧಾನದ ದೊಡ್ಡ ತೊಡಕು ಬೇರೆಯೇ ಇದೆ. ಪರಿಶೀಲಿಸಿದ ರಿಟರ್ನ್‌ಗಳ ಫಲಿತಾಂಶದಿಂದಷ್ಟೇ ಅಂಕದ ಸೂತ್ರವನ್ನು ತಿದ್ದುತ್ತಾ ಹೋದರೆ, ಎಂದೂ ಪರಿಶೀಲಿಸದ ಗುಂಪಿನಲ್ಲಿರುವ ವಂಚನೆ ಸೂತ್ರಕ್ಕೆ ಕಾಣುವುದೇ ಇಲ್ಲ. ಅಮೆರಿಕದ ತೆರಿಗೆ ಸಂಸ್ಥೆ ಐಆರ್‌ಎಸ್ ಇದಕ್ಕಾಗಿ ಅನುಮಾನವಿರಲಿ ಬಿಡಲಿ, ಸಂಖ್ಯಾಶಾಸ್ತ್ರೀಯ ಮಾದರಿಯಾಗಿ ಆರಿಸಿದ ಕೆಲವು ರಿಟರ್ನ್‌ಗಳನ್ನು ಪರಿಶೀಲಿಸಿ, ಅದರಿಂದ ದೊರೆತ ಮಾಹಿತಿಯ ಮೇಲೆ ತನ್ನ ಅಂಕಸೂತ್ರವನ್ನು ಕಟ್ಟುತ್ತದೆ. ಪ್ರಾಮಾಣಿಕರಿಗೆ ಅದು ತೊಂದರೆಯೇ ಸರಿ, ಆದರೆ ಸೂತ್ರವು ಎಲ್ಲಿ ಕುರುಡಾಗಿದೆ ಎಂದು ಅಳೆಯಲು ಅಂತಹ ಮಾದರಿಯೇ ಬೇಕಾಗುತ್ತದೆ.