ಪದ ಪರಿಚಯ: ಪ್ರಾಯೋಜಕತ್ವ ಒಪ್ಪಂದ

ಕಾಲೇಜು ಫೆಸ್ಟಿಗೆ ಬ್ಯಾಂಕು, ಬಟ್ಟೆ ಅಂಗಡಿ, ಕೋಚಿಂಗ್ ಸೆಂಟರುಗಳು ಪ್ರಾಯೋಜಕರಾಗಿ ಕೊಡುವ ಹಣ ದೇಣಿಗೆಯಲ್ಲ. ಆ ಹಣಕ್ಕೆ ಕಾಲೇಜು ಪ್ರಚಾರದ ಜಾಗವನ್ನೂ ಸಮಯವನ್ನೂ ಮಾರುತ್ತದೆ. ಏನು ಮಾರಿದ್ದು, ಹಣ ಯಾವಾಗ ಬರುತ್ತದೆ, ಫೆಸ್ಟ್ ನಡೆಯದೆ ಹೋದರೆ ಲೆಕ್ಕ ಹೇಗೆ ಎಂದು ಬರೆದು ಎರಡೂ ಕಡೆಯವರು ಸಹಿ ಹಾಕಿದ ಕರಾರೇ ಪ್ರಾಯೋಜಕತ್ವ ಒಪ್ಪಂದ. ಇದಕ್ಕೆ 1872ರ ಭಾರತೀಯ ಕರಾರು ಕಾಯ್ದೆ ಅನ್ವಯಿಸುತ್ತದೆ.

ಕಾಲೇಜು ಮಾಡಿಕೊಡಬೇಕಾದ ಕೆಲಸಗಳಿಗೆ ಫೆಸ್ಟ್ ಕಮಿಟಿಗಳಲ್ಲಿ ‘ಡೆಲಿವರಬಲ್ಸ್’ ಎನ್ನುತ್ತಾರೆ. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ. ‘ವೇದಿಕೆಯಲ್ಲಿ ಲೋಗೋ ಎದ್ದು ಕಾಣುವಂತೆ ಹಾಕಲಾಗುವುದು’ ಎಂದು ಬರೆದರೆ ಅದನ್ನು ಅಳೆಯುವುದು ಹೇಗೆ? ಬ್ಯಾಕ್‌ಡ್ರಾಪಿನಲ್ಲಿ ಲೋಗೋ ಇಷ್ಟು ಅಡಿ ಅಗಲ, ಗೇಟಿನ ಬಳಿ ಹತ್ತಡಿ ಚದರದ ಒಂದು ಸ್ಟಾಲ್, ದಿನಕ್ಕೆ ಆರು ಸಲ ನಿರೂಪಕರ ಬಾಯಲ್ಲಿ ಹೆಸರು, ಫೆಸ್ಟಿಗೆ ಮುಂಚೆ ನಾಲ್ಕು ಇನ್‌ಸ್ಟಾಗ್ರಾಂ ಪೋಸ್ಟ್ ಎಂದು ಎಣಿಕೆಗೆ ಸಿಗುವಂತೆ ಬರೆಯಬೇಕು. ನೋಂದಾಯಿಸಿದ ವಿದ್ಯಾರ್ಥಿಗಳ ಫೋನ್ ನಂಬರಿನ ಪಟ್ಟಿಯನ್ನೂ ಕೊಡಿ ಎಂದು ಕೆಲವು ಪ್ರಾಯೋಜಕರು ಕೇಳುತ್ತಾರೆ. ಆ ನಂಬರುಗಳು ವಿದ್ಯಾರ್ಥಿಗಳವು. ಅವರ ಒಪ್ಪಿಗೆ ಇಲ್ಲದೆ ಕಮಿಟಿ ಅವನ್ನು ಮಾರಲೇಬಾರದು. ಬೇಕಾದವರು ಸ್ಟಾಲಿಗೆ ಹೋಗಿ ತಾವೇ ಬರೆದುಕೊಟ್ಟು ಬರಲಿ.

ಬ್ರ್ಯಾಂಡಿಂಗ್ ಹಕ್ಕು ಎಂದರೆ ಒಬ್ಬರ ಲೋಗೋವನ್ನು ಇನ್ನೊಬ್ಬರು ಬಳಸಲು ಕೊಡುವ ಅನುಮತಿ. ಅದಕ್ಕೊಂದು ಗಡಿ, ಒಂದು ಅವಧಿ ಇರಬೇಕು. ಇಲ್ಲದಿದ್ದರೆ ಕೋಚಿಂಗ್ ಸೆಂಟರಿನ ಮುಂದಿನ ವರ್ಷದ ಜಾಹೀರಾತಿನಲ್ಲೂ ಕಾಲೇಜಿನ ಲಾಂಛನ ಕಾಣಿಸಿಕೊಂಡೀತು. ‘ಈ ವಿಭಾಗದಲ್ಲಿ ನಾವೊಬ್ಬರೇ’ ಎಂಬ ಷರತ್ತಿನಲ್ಲೂ ಎಚ್ಚರ ಬೇಕು. ವಿಭಾಗವನ್ನು ‘ಪಾನೀಯ’ ಎಂದು ಬರೆದುಕೊಟ್ಟರೆ ಜ್ಯೂಸಿನ ಸ್ಟಾಲಿಗೂ ತಕರಾರು ಬರಬಹುದು. ‘ಬಾಟಲಿಯ ಸೋಡಾ ಪಾನೀಯ’ ಎಂದರೆ ಉಳಿದವರಿಗೆ ಜಾಗ ಇರುತ್ತದೆ.

ಹಣದ ಕಂತು ಮತ್ತು ರದ್ದತಿಯನ್ನು ಒಟ್ಟಿಗೇ ನೋಡಬೇಕು. ಎರಡು ದಿನದ ಫೆಸ್ಟಿಗೆ ಒಬ್ಬ ಸಹಪ್ರಾಯೋಜಕರು 2 ಲಕ್ಷ ರೂಪಾಯಿ ಒಪ್ಪಿಕೊಂಡಿದ್ದಾರೆ ಎಂದುಕೊಳ್ಳಿ. ಸಹಿಯ ದಿನ 80 ಸಾವಿರ, ಫೆಸ್ಟಿಗೆ ಒಂದು ವಾರ ಮೊದಲು 80 ಸಾವಿರ, ಫೋಟೊ ಸಹಿತ ವರದಿ ಕೈಸೇರಿದ ಮೇಲೆ ಉಳಿದ 40 ಸಾವಿರ. ಕೊನೆಯ ಕಂತು ಪ್ರಾಯೋಜಕರಿಗೆ ಭದ್ರತೆ. ಮೊದಲೆರಡು ಕಂತು ಶಾಮಿಯಾನ, ಸೌಂಡಿನವರಿಗೆ ಮುಂಗಡ ಕೊಡಬೇಕಾದ ಕಮಿಟಿಗೆ ಆಧಾರ. ಈ ಮೊತ್ತ ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂಬುದನ್ನೂ ಬರೆಯಬೇಕು. ಶೇ 18ರ ಲೆಕ್ಕದಲ್ಲಿ 2 ಲಕ್ಷಕ್ಕೆ 36 ಸಾವಿರ ತೆರಿಗೆ, ಸಣ್ಣ ವ್ಯತ್ಯಾಸವೇನಲ್ಲ.

ಈಗ, ಮೊದಲ ದಿನ ಮುಗಿದು ಎರಡನೆಯ ದಿನದ ಕಾರ್ಯಕ್ರಮ ನಿಂತುಹೋಯಿತು. ಇದು ಬರೀ ಊಹೆಯಲ್ಲ: 2024ರ ಡಿಸೆಂಬರ್ 10ರಂದು ಎಸ್.ಎಂ. ಕೃಷ್ಣ ತೀರಿಕೊಂಡಾಗ ರಾಜ್ಯದಲ್ಲಿ ಮೂರು ದಿನ ಶೋಕಾಚರಣೆ ಘೋಷಣೆಯಾಗಿತ್ತು. ಅನಿವಾರ್ಯ ಕಾರಣಗಳ ಪಟ್ಟಿಯಲ್ಲಿ ಭೂಕಂಪ, ಯುದ್ಧ ಎಂದು ಎಲ್ಲಿಂದಲೋ ನಕಲು ಮಾಡಿ, ನಮ್ಮಲ್ಲಿ ನಿಜವಾಗಿ ಬರುವ ಶೋಕಾಚರಣೆ, ಬಂದ್, ಮಳೆ, ಪೊಲೀಸ್ ಅನುಮತಿ ನಿರಾಕರಣೆಯನ್ನು ಬಿಟ್ಟಿರುತ್ತಾರೆ. ಅವು ಇರಲೇಬೇಕು.

ಒಪ್ಪಂದದಲ್ಲಿ ಮುಂಗಡ ಪ್ರಚಾರಕ್ಕೆ 50 ಸಾವಿರ, ಒಂದೊಂದು ದಿನಕ್ಕೆ 75 ಸಾವಿರ ಎಂದು ಮೊದಲೇ ಬೆಲೆ ಹಂಚಿದ್ದರೆ ಲೆಕ್ಕ ಸುಲಭ. ಕಾಲೇಜು ಮಾಡಿಕೊಟ್ಟದ್ದು 1,25,000 ರೂಪಾಯಿಯ ಕೆಲಸ, ಕೈಗೆ ಬಂದದ್ದು 1,60,000. ಹಿಂದಿರುಗಿಸಬೇಕಾದದ್ದು 35 ಸಾವಿರ, ಕೊನೆಯ ಕಂತು ಕೇಳುವಂತಿಲ್ಲ. ಎರಡನೆಯ ದಿನವನ್ನು ಅರವತ್ತು ದಿನದೊಳಗೆ ನಡೆಸಿದರೆ ಹಣ ಹಾಗೇ ಮುಂದುವರಿಯುತ್ತದೆ ಎಂಬ ಸಾಲು ಸೇರಿಸಿದ್ದರೆ ಇನ್ನೂ ಒಳ್ಳೆಯದು. ಹೀಗೆ ಏನನ್ನೂ ಬರೆಯದಿದ್ದಾಗ, ಕರಾರು ನೆರವೇರಿಸಲಾಗದಂತಾದರೆ ಪಡೆದ ಲಾಭವನ್ನು ಮರಳಿಸಬೇಕು ಎನ್ನುವ ಕಾಯ್ದೆಯ 65ನೇ ಸೆಕ್ಷನ್ ಮುಂದೆ ಬರುತ್ತದೆ. ಎಷ್ಟು ಎಂಬ ವಾದ ಆಮೇಲೆ ಶುರು.

ಪ್ರಾಯೋಜಕರೇ ಮನಸ್ಸು ಬದಲಿಸಿ ಹಿಂದೆ ಸರಿದರೆ ಸಂಗತಿ ಬೇರೆ. ಆಗ ಮುಂಗಡ ಕಾಲೇಜಿಗೇ ಉಳಿಯುತ್ತದೆ ಎಂದು ಬರೆಯುವುದುಂಟು. ಆದರೆ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ, ಒಪ್ಪಂದದಲ್ಲಿ ಹೇಳಿದ ಮೊತ್ತ ಅದರ ಗರಿಷ್ಠ ಮಿತಿ ಮಾತ್ರ. ‘ಎರಡು ಪಟ್ಟು ದಂಡ’ದಂಥ ಸಾಲು ನ್ಯಾಯಾಲಯದಲ್ಲಿ ಹಾಗೇ ನಿಲ್ಲುವುದಿಲ್ಲ.

ಸಹಿ ಯಾರದು ಎಂಬುದೂ ಮುಖ್ಯ. ವಿದ್ಯಾರ್ಥಿ ಸಂಚಾಲಕರು ತಮ್ಮ ಹೆಸರಿನಲ್ಲಿ ಸಹಿ ಹಾಕಿದರೆ ಮರುಪಾವತಿಯ ಹೊಣೆ ಅವರ ತಲೆಗೇ ಬರಬಹುದು. ಸಹಿ ಪ್ರಾಂಶುಪಾಲರದ್ದೋ ಆಡಳಿತ ಮಂಡಳಿ ಅಧಿಕಾರ ಕೊಟ್ಟವರದ್ದೋ ಆಗಿರಬೇಕು, ಹಣ ಕಾಲೇಜಿನ ಖಾತೆಗೆ ಬೀಳಬೇಕು. ಸಂಚಾಲಕರು ಸಾಕ್ಷಿಯಾಗಿ ಸಹಿ ಹಾಕಿದರೆ ಸಾಕು.