ಒಂದು ಸುತ್ತಿನಲ್ಲಿ ಎಷ್ಟು ಹೊತ್ತು ಮುಚ್ಚಿರುತ್ತದೆ: ಮೋಡಲ್, ಬ್ರೆಥಿ, ಕ್ರೀಕಿ ಧ್ವನಿಗಳ ಟಿಪ್ಪಣಿ

ಮೋಡಲ್, ಬ್ರೆಥಿ, ಕ್ರೀಕಿ ಎಂಬ ಮೂರು ಧ್ವನಿಬಗೆಗಳನ್ನೂ ಬೇರೆ ಬೇರೆ ವ್ಯಾಖ್ಯೆಗಳಾಗಿ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿಯುವಷ್ಟರಲ್ಲಿ ಮರೆತುಹೋಗುತ್ತವೆ. ಧ್ವನಿತಂತುಗಳು ಕಂಪಿಸುವಾಗ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಹೊತ್ತು ತೆರೆದಿರುತ್ತವೆ, ಒಂದಿಷ್ಟು ಹೊತ್ತು ಮುಚ್ಚಿರುತ್ತವೆ. ಮುಚ್ಚಿರುವ ಪಾಲು ಎಷ್ಟು, ಮುಚ್ಚುವುದು ಥಟ್ಟನೆಯೋ ನಿಧಾನಕ್ಕೋ ಎಂದು ಕೇಳುತ್ತ ಹೋದರೆ ಮೂರೂ ಒಂದೇ ಎಳೆಯಲ್ಲಿ ಅರ್ಥವಾಗುತ್ತವೆ.

ಮೊದಲು ಜಾಗ ಗೊತ್ತುಮಾಡಿಕೊಳ್ಳೋಣ. ಎರಡು ಧ್ವನಿತಂತುಗಳೂ ಮುಂದೆ ಥೈರಾಯ್ಡ್ ಮೃದ್ವಸ್ಥಿಗೆ ಅಂಟಿಕೊಂಡಿವೆ. ಹಿಂದೆ ಅವು ಅರಿಟಿನಾಯ್ಡ್ ಎಂಬ ಎರಡು ಪುಟ್ಟ ಮೃದ್ವಸ್ಥಿಗಳಿಗೆ ಸೇರಿವೆ. ತಂತುಗಳ ನಡುವಿನ ಸಂದೇ ಗ್ಲಾಟಿಸ್. ಸ್ನಾಯುಗಳು ಅರಿಟಿನಾಯ್ಡ್‌ಗಳನ್ನು ಹತ್ತಿರ ಎಳೆದರೆ ಸಂದು ಕಿರಿದಾಗುತ್ತದೆ, ದೂರ ಸರಿಸಿದರೆ ಅಗಲವಾಗುತ್ತದೆ. ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ: ಒಂದೊಂದು ಕಂಪನಕ್ಕೂ ನರದಿಂದ ಆಜ್ಞೆ ಬರುವುದಿಲ್ಲ. ಸ್ನಾಯುಗಳು ತಂತುಗಳನ್ನು ಒಂದು ಭಂಗಿಯಲ್ಲಿ ನಿಲ್ಲಿಸುತ್ತವೆ, ಅಷ್ಟೆ. ಕಂಪಿಸುವ ಕೆಲಸ ಗಾಳಿಯದು ಮತ್ತು ತಂತುಗಳ ಸ್ಥಿತಿಸ್ಥಾಪಕತೆಯದು. ಹಾಗಾಗಿ ಧ್ವನಿಯ ಬಗೆ ಬದಲಾಯಿತು ಎಂದರೆ ಬಹುಮಟ್ಟಿಗೆ ಭಂಗಿ ಬದಲಾಯಿತು ಎಂದೇ ಅರ್ಥ.

ಮೋಡಲ್ ಎಂದರೆ ನಾವು ಎಂದಿನಂತೆ ಮಾತಾಡುವ ಧ್ವನಿ. ಅದರಲ್ಲಿ ಅರಿಟಿನಾಯ್ಡ್‌ಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಿರುತ್ತವೆ, ಆದರೆ ಬಿಗಿತ ಹೆಚ್ಚಿರುವುದಿಲ್ಲ. ಶ್ವಾಸಕೋಶದಿಂದ ಬಂದ ಗಾಳಿಯ ಒತ್ತಡ ತಂತುಗಳನ್ನು ಕೆಳಗಿನಿಂದ ತಳ್ಳುತ್ತದೆ. ಮೊದಲು ತೆರೆಯುವುದು ಕೆಳ ಅಂಚು, ಆಮೇಲೆ ಮೇಲಿನ ಅಂಚು. ಮುಚ್ಚುವಾಗಲೂ ಕೆಳ ಅಂಚೇ ಮುಂದು. ಈ ಹಿಂದುಮುಂದನ್ನು ಸಣ್ಣದೆಂದು ಬಿಟ್ಟುಬಿಡಬೇಡಿ, ಕಂಪನ ನಿಲ್ಲದೆ ಮುಂದುವರಿಯುವುದು ಇದರಿಂದಲೇ. ತೆರೆಯುವಾಗ ಸಂದು ಮೇಲಕ್ಕೆ ಹೋದಂತೆ ಕಿರಿದಾಗುವುದರಿಂದ ಒಳಗಿನ ಒತ್ತಡ ಹೆಚ್ಚಿರುತ್ತದೆ. ಮುಚ್ಚುವಾಗ ಸಂದು ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಒತ್ತಡ ಕಡಿಮೆ ಇರುತ್ತದೆ. ಹೀಗೆ ಪ್ರತಿ ಸುತ್ತಿನಲ್ಲೂ ಗಾಳಿ ತಂತುಗಳಿಗೆ ಒಂದಿಷ್ಟು ಶಕ್ತಿ ಕೊಟ್ಟೇ ಹೋಗುತ್ತದೆ. ಸೆಕೆಂಡಿಗೆ 125 ಸಲ ಕಂಪಿಸುವ ಗಂಡಸಿನ ಧ್ವನಿಯಲ್ಲಿ ಒಂದು ಸುತ್ತಿಗೆ 8 ಮಿಲಿಸೆಕೆಂಡು. ಮೋಡಲ್ ಧ್ವನಿಯಲ್ಲಿ ಅದರ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಸಂದು ಮುಚ್ಚಿರುತ್ತದೆ ಎಂದಿಟ್ಟುಕೊಳ್ಳಬಹುದು.

ಈಗ ಅರಿಟಿನಾಯ್ಡ್‌ಗಳನ್ನು ತುಸು ದೂರ ಸರಿಸಿ. ತಂತುಗಳು ಕಂಪಿಸುತ್ತಲೇ ಇರುತ್ತವೆ, ಆದರೆ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದರೂ ಅದು ಅರೆಕ್ಷಣದ ಮಾತು, ಅದೂ ಮುಂಭಾಗದಲ್ಲಿ. ಹಿಂದಿನ ಸಂದಿನಿಂದ ಗಾಳಿ ಸೋರುತ್ತಲೇ ಇರುತ್ತದೆ. ಆ ಸೋರಿಕೆಯ ಸುಯ್ಯೆನ್ನುವ ಸದ್ದು ಸ್ವರದ ಜೊತೆ ಬೆರೆತರೆ ಬ್ರೆಥಿ ಧ್ವನಿ.

ಕ್ರೀಕಿ ಧ್ವನಿಯಲ್ಲಿ ಇದರ ತಿರುವುಮುರುವು. ಅರಿಟಿನಾಯ್ಡ್‌ಗಳು ಬಿಗಿಯಾಗಿ ಒತ್ತಿಕೊಂಡಿರುತ್ತವೆ. ಉದ್ದಕ್ಕೆ ಎಳೆಯುವ ಬಿಗಿತ ಮಾತ್ರ ಇರುವುದಿಲ್ಲ, ಆದ್ದರಿಂದ ತಂತುಗಳು ಮೊಟಕಾಗಿ, ದಪ್ಪವಾಗಿ, ಸಡಿಲವಾಗಿ ಬಿದ್ದಿರುತ್ತವೆ. ಹರಿಯುವ ಗಾಳಿಯೂ ಕಡಿಮೆ. ಸುತ್ತಿನ ಬಹುಪಾಲು ಸಂದು ಮುಚ್ಚಿಯೇ ಇರುತ್ತದೆ, ನಡುವೆ ಗಾಳಿಯ ಒಂದು ಚಿಕ್ಕ ಗುಕ್ಕು ಮಾತ್ರ ತಪ್ಪಿಸಿಕೊಂಡು ಹೊರಬರುತ್ತದೆ. ಸೆಕೆಂಡಿಗೆ 40 ಸಲದಷ್ಟು ನಿಧಾನವಾದರೆ ಒಂದೊಂದು ಸುತ್ತಿಗೆ 25 ಮಿಲಿಸೆಕೆಂಡು ಹಿಡಿಯುತ್ತದೆ. ಆಗ ಕಿವಿಗೆ ಏಕಸ್ವರ ಕೇಳುವುದಿಲ್ಲ, ಬಿಡಿಬಿಡಿಯಾದ ಟಕ್ ಟಕ್ ಕೇಳುತ್ತದೆ. ಸುತ್ತುಗಳ ನಡುವಿನ ಅಂತರವೂ ಒಂದೇ ಸಮ ಇರುವುದಿಲ್ಲ.

ಮುಚ್ಚುವ ರೀತಿ ಬದಲಾದರೆ ಧ್ವನಿಯ ಬಣ್ಣ ಯಾಕೆ ಬದಲಾಗಬೇಕು? ಈ ವಿಷಯದ ತಿರುಳು ಇರುವುದೇ ಇಲ್ಲಿ. ಗಾಳಿಯ ಹರಿವು ಥಟ್ಟನೆ ಕಡಿದುಹೋದರೆ ಅಲೆಯಲ್ಲಿ ಚೂಪಾದ ಮೂಲೆ ಮೂಡುತ್ತದೆ. ಚೂಪಾದ ಮೂಲೆ ಎಂದರೆ ಮೇಲಿನ ಹಾರ್ಮೋನಿಕ್‌ಗಳಲ್ಲಿ, ಅಂದರೆ ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಆವರ್ತನಗಳಲ್ಲಿ, ಹೆಚ್ಚು ಶಕ್ತಿ. ಹರಿವು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿದರೆ ಅಲೆ ಸೈನ್ ಅಲೆಗೆ ಹತ್ತಿರವಾಗುತ್ತದೆ, ಶಕ್ತಿಯೆಲ್ಲ ಮೊದಲ ಹಾರ್ಮೋನಿಕ್‌ನಲ್ಲೇ ಗುಡ್ಡೆ ಬೀಳುತ್ತದೆ. ಅದಕ್ಕೇ ಮೊದಲ ಹಾರ್ಮೋನಿಕ್‌ನ ಮಟ್ಟದಿಂದ ಎರಡನೆಯದರ ಮಟ್ಟವನ್ನು ಕಳೆದು ನೋಡುತ್ತಾರೆ. ಈ ಅಳತೆಯನ್ನು H1−H2 ಎಂದು ಬರೆಯುವ ರೂಢಿ. ಬ್ರೆಥಿಯಲ್ಲಿ ಇದು ದೊಡ್ಡದು, ಮೋಡಲ್‌ನಲ್ಲಿ ನಡುವೆ, ಕ್ರೀಕಿಯಲ್ಲಿ ಚಿಕ್ಕದು, ಎಷ್ಟೋ ಸಲ ಸೊನ್ನೆಗಿಂತ ಕೆಳಗೆ.

ಗುಜರಾತಿಯ ಒಂದು ಜೋಡಿಯನ್ನು ಹಿಡಿದು ಲೆಕ್ಕ ಹಾಕೋಣ. ಆ ಭಾಷೆಯಲ್ಲಿ ‘ಬಾರ್’ ಎಂದು ಮೋಡಲ್ ಸ್ವರದಲ್ಲಿ ಹೇಳಿದರೆ ಹನ್ನೆರಡು. ಅದೇ ಸ್ವರವನ್ನು ಬ್ರೆಥಿ ಮಾಡಿ ಹೇಳಿದರೆ ಹೊರಗೆ. ಒಬ್ಬರೇ ಎರಡೂ ಪದಗಳನ್ನು 125 ಹರ್ಟ್ಸ್‌ನಲ್ಲಿ ಹೇಳಿದರು ಎನ್ನಿ. ಆಗ ಮೊದಲ ಹಾರ್ಮೋನಿಕ್ 125ರಲ್ಲಿ, ಎರಡನೆಯದು 250ರಲ್ಲಿ. ಸ್ವರದ ನಡುಭಾಗದಿಂದ ಮೂರ್ನಾಲ್ಕು ಸುತ್ತು ಹಿಡಿಸುವಷ್ಟು, ಅಂದರೆ ಸುಮಾರು 30 ಮಿಲಿಸೆಕೆಂಡಿನ ತುಣುಕು ಆರಿಸಿ ಸ್ಪೆಕ್ಟ್ರಮ್ ತೆಗೆಯಿರಿ. ಲೆಕ್ಕಕ್ಕಾಗಿ ಕೆಲವು ಅಂಕಿ ಊಹಿಸಿಕೊಳ್ಳೋಣ: ಮೊದಲ ಪದದಲ್ಲಿ 42 ಮತ್ತು 40 ಡೆಸಿಬೆಲ್ ಬಂದರೆ ವ್ಯತ್ಯಾಸ 2. ಎರಡನೆಯದರಲ್ಲಿ 44 ಮತ್ತು 35 ಬಂದರೆ ವ್ಯತ್ಯಾಸ 9. ಒಂದೊಂದು ಅಂಕಿಗೂ ತನ್ನಷ್ಟಕ್ಕೆ ಬೆಲೆ ಕಡಿಮೆ, ಏಕೆಂದರೆ ಮೈಕು, ದೂರ, ಗಂಟಲು ಎಲ್ಲವೂ ಅದರಲ್ಲಿ ಸೇರಿವೆ. ಒಬ್ಬರದೇ ಎರಡು ಪದಗಳ ನಡುವಿನ 7 ಡೆಸಿಬೆಲ್ ಅಂತರವೇ ನಮಗೆ ಬೇಕಾದದ್ದು. ಮೂರೂ ಬಗೆಗಳು ಪದದ ಅರ್ಥವನ್ನೇ ಬದಲಿಸುವುದನ್ನು ನೋಡಬೇಕಾದರೆ ಮೆಕ್ಸಿಕೋದ ಹಲಾಪಾ ಮಸಾಟೆಕ್ ಭಾಷೆಯ ಧ್ವನಿಮುದ್ರಣ ಹುಡುಕಿ ಕೇಳಿ. ಅಲ್ಲಿನ ಸ್ವರಗಳಲ್ಲಿ ಈ ಮೂರೂ ಎದುರುಬದುರಾಗಿ ನಿಂತಿವೆ.

ಈ ಅಳತೆ ದಾರಿ ತಪ್ಪಿಸುವ ಸಂದರ್ಭಗಳೂ ಇವೆ. ಮೇಲೆ ‘ಆ’ ಸ್ವರವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಫಾರ್ಮೆಂಟ್ ಎಂದರೆ ಗಂಟಲು, ಬಾಯಿಗಳ ಪೊಳ್ಳು ಅನುರಣಿಸಿ ಉಬ್ಬಿಸುವ ಆವರ್ತನ. ‘ಆ’ದ ಮೊದಲ ಫಾರ್ಮೆಂಟ್ 700 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ನಾವು ಅಳೆಯುವ ಎರಡು ಹಾರ್ಮೋನಿಕ್‌ಗಳಿಂದ ದೂರ ಇರುತ್ತದೆ. ‘ಈ’ ಸ್ವರದಲ್ಲಿ ಅದು 300ರ ಹತ್ತಿರ ಇಳಿದು, 250ರಲ್ಲಿರುವ ಎರಡನೆಯ ಹಾರ್ಮೋನಿಕ್ಕನ್ನು ಉಬ್ಬಿಸುತ್ತದೆ. ಬ್ರೆಥಿ ‘ಈ’ ಕೂಡ ಆಗ ಮೋಡಲ್‌ನಂತೆ ಕಾಣಬಹುದು. ಆದ್ದರಿಂದ ಬೇರೆ ಬೇರೆ ಸ್ವರಗಳನ್ನು ಹೋಲಿಸುವಾಗ ಫಾರ್ಮೆಂಟ್‌ನ ಪ್ರಭಾವವನ್ನು ಕಳೆದ ತಿದ್ದುಪಡಿ ಅಳತೆಯನ್ನೇ ಬಳಸಬೇಕು.

ಕ್ರೀಕಿಯ ತೊಡಕು ಬೇರೆ. ಸ್ಥಾಯಿ ಅಳೆಯುವ ತಂತ್ರಾಂಶದಲ್ಲಿ ಕೆಳಮಿತಿ 75 ಹರ್ಟ್ಸ್ ಇಟ್ಟಿದ್ದರೆ 40 ಹರ್ಟ್ಸ್‌ನ ಕಂಪನ ಅದಕ್ಕೆ ಕಾಣುವುದೇ ಇಲ್ಲ. ಗೆರೆ ಮಾಯವಾಗುತ್ತದೆ, ಇಲ್ಲವೇ ಇಮ್ಮಡಿ ಬೆಲೆಗೆ ನೆಗೆಯುತ್ತದೆ. ಮೂಲ ಸ್ಥಾಯಿಯೇ ತಪ್ಪಿದರೆ H1 ಯಾವುದು, H2 ಯಾವುದು ಎಂಬುದೂ ತಪ್ಪುತ್ತದೆ. ಹಾಗಾದಾಗ ಮೊದಲು ತರಂಗರೂಪವನ್ನು ಹಿಗ್ಗಿಸಿ ಕಣ್ಣಿನಿಂದಲೇ ನೋಡಿ. ಬಿಡಿಬಿಡಿ ಮಿಡಿತಗಳು ದೂರ ದೂರ ನಿಂತಿದ್ದರೆ ಕ್ರೀಕಿ ಎಂದು ಅನುಮಾನಿಸಿ, ಕೆಳಮಿತಿಯನ್ನು ಇಳಿಸಿ ಮತ್ತೆ ಅಳೆಯಿರಿ.

ಇಷ್ಟಾದರೂ ಒಂದು ಬಗೆ ಉಳಿಯುತ್ತದೆ. ವಾಕ್ಯ ಮುಗಿಯುವ ಹೊತ್ತಿಗೆ ಗಾಳಿಯ ಒತ್ತಡ ಕುಸಿದು, ಸಂದು ಬಿಗಿಯಾಗದೆಯೇ ಕಂಪನ ನಿಧಾನವಾಗಿ ತಾಳ ತಪ್ಪುವುದುಂಟು. ಕಿವಿಗೆ ಅದು ಕ್ರೀಕಿಯಾಗಿಯೇ ಕೇಳುತ್ತದೆ, H1−H2 ಮಾತ್ರ ಬ್ರೆಥಿಯಂತೆ ಮೇಲೇ ಇರುತ್ತದೆ. ಅದಕ್ಕೇ ಹಾರ್ಮೋನಿಕ್‌ಗಳಿಗೂ ಗದ್ದಲಕ್ಕೂ ಇರುವ ಅನುಪಾತವನ್ನು ಎರಡನೆಯ ಅಳತೆಯಾಗಿ ಜೊತೆಗಿಟ್ಟುಕೊಳ್ಳಬೇಕು. ಅದು ಬ್ರೆಥಿಯಲ್ಲಿ ಸುಯ್ಯೆನ್ನುವ ಗಾಳಿಯಿಂದ ತಗ್ಗುತ್ತದೆ, ಕ್ರೀಕಿಯಲ್ಲಿ ಸುತ್ತುಗಳ ಏರುಪೇರಿನಿಂದ ತಗ್ಗುತ್ತದೆ. ಅನುಪಾತ ತಗ್ಗಿ H1−H2 ಏರಿದೆ, ಸ್ಥಾಯಿಯೂ ಎಂದಿನಂತೆ ಸ್ಥಿರವಾಗಿದೆ ಎಂದರೆ ಬ್ರೆಥಿ. ಅನುಪಾತವೂ H1−H2 ಕೂಡ ತಗ್ಗಿದ್ದರೆ ಬಿಗಿದ ಕ್ರೀಕಿ. ಅನುಪಾತ ತಗ್ಗಿ, H1−H2 ಮೇಲಿದ್ದು, ಸ್ಥಾಯಿ ಮಾತ್ರ ಕುಸಿದು ಏರುಪೇರಾಗಿದ್ದರೆ ಅದು ಈ ಸಡಿಲ ಕ್ರೀಕಿ.