ಕ್ಲೆಫ್, ಟೈಮ್ ಸಿಗ್ನೇಚರ್, ಮಾರ್ಡೆಂಟ್: ಫೋಟೋದಲ್ಲಿರುವ ಸಂಗೀತದ ಹಾಳೆಯನ್ನು ಗುರುತಿಸುವ ಬಗೆ

ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿಯಾದ ಸ್ಟಾಫ್ ನೊಟೇಶನ್‌ನಲ್ಲಿ ಚಿಕ್ಕ ಗುರುತುಗಳಿಗೇ ದೊಡ್ಡ ಕೆಲಸ. ಒಂದು ಸಣ್ಣ ಗೀಟು ಬಿದ್ದರೆ ತಾಳದ ಎಣಿಕೆ ಬದಲಾಗುತ್ತದೆ, ಎರಡು ಚುಕ್ಕಿ ಒಂದು ಗೆರೆ ಕೆಳಗೆ ಕೂತರೆ ಸ್ವರಗಳೆಲ್ಲ ಬದಲಾಗುತ್ತವೆ. ಹಾಳೆಯ ಫೋಟೋ ತೆಗೆದಾಗ ಮೊದಲು ಮಾಯವಾಗುವುದೂ ಇವೇ. ಬೆಳಕು ಹೊಡೆದು ಒಂದು ಮೂಲೆ ಬೆಳ್ಳಗಾಗಿರುತ್ತದೆ, ಪುಸ್ತಕದ ಮಡಿಕೆ ಹತ್ತಿರ ಗೆರೆಗಳು ಬಾಗಿರುತ್ತವೆ. ಅದಕ್ಕೇ ಒಂದು ಗುರುತನ್ನು ಬರೀ ಅದರ ಆಕಾರ ನೋಡಿ ತೀರ್ಮಾನಿಸಬಾರದು. ಅದೇ ಹಾಳೆಯಲ್ಲಿ ಅದಕ್ಕೆ ಇನ್ನೊಂದು ಸಾಕ್ಷಿ ಇದೆಯಾ ಅಂತ ಹುಡುಕಬೇಕು. ಬಹಳ ಸಲ ಇರುತ್ತದೆ.

ಮೊದಲು ಕ್ಲೆಫ್. ಐದು ಗೆರೆಗಳ ಎಡತುದಿಯಲ್ಲಿರುವ ಈ ಗುರುತು ಯಾವ ಗೆರೆ ಯಾವ ಸ್ವರ ಎಂದು ಹೇಳುತ್ತದೆ. ಗೆರೆಗಳನ್ನು ಯಾವಾಗಲೂ ಕೆಳಗಿನಿಂದ ಎಣಿಸುತ್ತಾರೆ. ಟ್ರೆಬಲ್ ಕ್ಲೆಫ್‌ನ ಸುರುಳಿ ಎರಡನೇ ಗೆರೆಯನ್ನು ಸುತ್ತಿಕೊಂಡಿರುತ್ತದೆ. ಆ ಗೆರೆ ಜಿ ಸ್ವರ. ಬೇಸ್ ಕ್ಲೆಫ್‌ನ ಎರಡು ಚುಕ್ಕಿಗಳು ನಾಲ್ಕನೇ ಗೆರೆಯ ಮೇಲೊಂದು ಕೆಳಗೊಂದು ಇರುತ್ತವೆ. ಆ ಗೆರೆ ಎಫ್. ಮೂರನೆಯದು ಸಿ ಕ್ಲೆಫ್. ಇದರ ನಡುಭಾಗ ಯಾವ ಗೆರೆಯ ಮೇಲೆ ಬಂದಿದೆಯೋ ಆ ಗೆರೆಯೇ ಮಿಡಲ್ ಸಿ. ನಡುವಿನ ಗೆರೆಯಲ್ಲಿದ್ದರೆ ಅದು ಆಲ್ಟೊ ಕ್ಲೆಫ್, ನಾಲ್ಕನೇ ಗೆರೆಯಲ್ಲಿದ್ದರೆ ಟೆನರ್ ಕ್ಲೆಫ್. ಎರಡರ ಆಕಾರವೂ ಒಂದೇ, ಜಾಗ ಮಾತ್ರ ಬೇರೆ. ಗೆರೆಗಳು ಬಾಗಿದ ಫೋಟೋದಲ್ಲಿ ಜಾಸ್ತಿ ಗೊಂದಲ ಆಗುವುದು ಇಲ್ಲೇ.

ಒಂದು ಚೆಲ್ಲೊ ಹಾಳೆಯ ಫೋಟೋ ಇದೆ ಅಂದುಕೊಳ್ಳಿ. ಮೊದಲ ಎರಡು ಸಾಲುಗಳಲ್ಲಿ ಬೇಸ್ ಕ್ಲೆಫ್ ಸ್ಪಷ್ಟವಾಗಿ ಕಾಣುತ್ತದೆ. ಮೂರನೇ ಸಾಲಿನ ತುದಿಗೆ ಬೆಳಕು ಹೊಡೆದು ಕ್ಲೆಫ್ ಅಳಿಸಿಹೋದಂತಿದೆ. ಅದರ ಪಕ್ಕದಲ್ಲಿ ಒಂದೇ ಒಂದು ಶಾರ್ಪ್, ಅಂದರೆ ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ♯ ಗುರುತು, ಮಾತ್ರ ಕಾಣುತ್ತಿದೆ. ಮೇಲಿನ ಸಾಲಿನಲ್ಲಿ ಬೇಸ್ ಇತ್ತು, ಇಲ್ಲೂ ಅದೇ ಇರಬೇಕು ಅಂತ ಮುಂದೆ ಹೋಗಬಾರದು. ಆ ಶಾರ್ಪ್ ಯಾವ ಗೆರೆಯ ಮೇಲಿದೆ ನೋಡಿ. ಕ್ಲೆಫ್ ಪಕ್ಕದಲ್ಲಿ ಬರುವ ಇಂಥ ಗುರುತುಗಳಿಗೇ ಕೀ ಸಿಗ್ನೇಚರ್ ಎನ್ನುತ್ತಾರೆ. ಕೀ ಸಿಗ್ನೇಚರ್‌ನಲ್ಲಿ ಶಾರ್ಪ್ ಒಂದೇ ಇದ್ದರೆ ರೂಢಿಯಂತೆ ಅದು ಎಫ್ ಶಾರ್ಪ್. ಟ್ರೆಬಲ್ ಕ್ಲೆಫ್‌ನಲ್ಲಿ ಅದು ಮೇಲಿನ ಐದನೇ ಗೆರೆಯಲ್ಲಿ ಬರುತ್ತದೆ. ಬೇಸ್‌ನಲ್ಲಿ ನಾಲ್ಕನೇ ಗೆರೆಯಲ್ಲಿ, ಆಲ್ಟೊದಲ್ಲಿ ನಾಲ್ಕು ಮತ್ತು ಐದನೇ ಗೆರೆಗಳ ನಡುವಿನ ಸಂದಿನಲ್ಲಿ, ಟೆನರ್‌ನಲ್ಲಿ ಎರಡನೇ ಗೆರೆಯಲ್ಲಿ. ನಾಲ್ಕಕ್ಕೂ ನಾಲ್ಕು ಬೇರೆ ಜಾಗ.

ನಮ್ಮ ಫೋಟೋದಲ್ಲಿ ಶಾರ್ಪ್ ಎರಡನೇ ಗೆರೆಯಲ್ಲಿದೆ. ಬೇಸ್ ಕ್ಲೆಫ್ ಆಗಿದ್ದರೆ ಆ ಗೆರೆ ಬಿ ಆಗುತ್ತಿತ್ತು. ಬಿ ಶಾರ್ಪ್ ಒಂದೇ ಇರುವ ಕೀ ಸಿಗ್ನೇಚರ್ ರೂಢಿಯಲ್ಲಿ ಇಲ್ಲ. ಹಾಗಾದರೆ ಅಳಿಸಿಹೋದದ್ದು ಟೆನರ್ ಕ್ಲೆಫ್. ಚೆಲ್ಲೊದಲ್ಲಿ ಸ್ವರಗಳು ಮೇಲೇರಿದಾಗ ಬೇಸ್ ಬಿಟ್ಟು ಟೆನರ್‌ಗೆ ಹೋಗುವುದು ಮಾಮೂಲು. ಇನ್ನೂ ಅನುಮಾನ ಇದ್ದರೆ ಎರಡನೇ ಸಾಲಿನ ಬಲತುದಿ ನೋಡಿ. ಮುಂದಿನ ಸಾಲಿನಲ್ಲಿ ಕ್ಲೆಫ್ ಬದಲಾಗುವುದಿದ್ದರೆ, ಈ ಸಾಲಿನ ಕೊನೆಯಲ್ಲೇ ಹೊಸ ಕ್ಲೆಫ್ಅನ್ನು ಚಿಕ್ಕದಾಗಿ ಮುದ್ರಿಸುತ್ತಾರೆ, ನುಡಿಸುವವರಿಗೆ ಮುನ್ಸೂಚನೆಯಾಗಿ. ಅದು ಅಲ್ಲಿದ್ದರೆ ವಿಷಯ ಮುಗಿಯಿತು.

ಕ್ಲೆಫ್ ಮತ್ತು ಕೀ ಸಿಗ್ನೇಚರ್ ಪ್ರತಿ ಸಾಲಿನಲ್ಲೂ ಮತ್ತೆ ಮತ್ತೆ ಬರುವುದು ಇಲ್ಲಿ ನಮ್ಮ ಅನುಕೂಲಕ್ಕೆ ಬರುತ್ತದೆ. ಟೈಮ್ ಸಿಗ್ನೇಚರ್ ಹಾಗಲ್ಲ. ತಾಳದ ಎಣಿಕೆ ಹೇಳುವ, ಒಂದರ ಮೇಲೊಂದು ಕೂತ ಆ ಎರಡು ಅಂಕಿಗಳು ಮೊದಲ ಸಾಲಿನಲ್ಲಿ ಮಾತ್ರ ಇರುತ್ತವೆ, ಮತ್ತೆ ಕಾಣುವುದು ಎಣಿಕೆ ಬದಲಾದ ಕಡೆ. ಯಾರೋ ನಡುವಿನ ಪುಟದ ಫೋಟೋ ಕಳಿಸಿದರೆ ಅದರಲ್ಲಿ ಅಂಕಿಯೇ ಇರುವುದಿಲ್ಲ. ಆಗ ಒಂದು ಬಾರ್, ಅಂದರೆ ಎರಡು ಲಂಬ ಗೆರೆಗಳ ನಡುವಿನ ಭಾಗದ ಒಳಗಿನ ನೋಟ್‌ಗಳನ್ನು ಕೂಡಿಸಿ ನೋಡಬೇಕು. ಆರಂಭದ ಬಾರ್ ಆರಿಸಿಕೊಳ್ಳಬೇಡಿ, ಅದು ಅರ್ಧಂಬರ್ಧ ಇರಬಹುದು. ನಡುವಿನ ಎರಡು ಮೂರು ಬಾರ್ ತೆಗೆದುಕೊಳ್ಳಿ.

ಕೂಡಿಸಿದಾಗ ಆರು ಕ್ವೇವರ್ ಬಂತು ಅಂದುಕೊಳ್ಳಿ. ಕ್ವೇವರ್ ಅಂದರೆ ಕಡ್ಡಿಗೆ ಒಂದು ಬಾಲ ಇರುವ ನೋಟ್. ಇದು 3/4 ಇರಬಹುದು, 6/8 ಕೂಡ ಇರಬಹುದು, ಎರಡರಲ್ಲೂ ಮೊತ್ತ ಅಷ್ಟೇ. ಬೇರೆ ಮಾಡುವುದು ನೋಟ್‌ಗಳನ್ನು ಜೋಡಿಸುವ ದಪ್ಪ ಅಡ್ಡಪಟ್ಟಿ, ಅಂದರೆ ಬೀಮ್. ಕ್ವೇವರ್‌ಗಳು ಮೂರು ಮೂರಾಗಿ ಕೂಡಿಕೊಂಡಿದ್ದರೆ 6/8, ಬಾರ್‌ಗೆ ಎರಡು ದೊಡ್ಡ ಪೆಟ್ಟು. ಎರಡೆರಡಾಗಿ ಇದ್ದರೆ, ಅಥವಾ ಎರಡು ಕ್ವೇವರ್ ಅಳತೆಯ, ಬಾಲವಿಲ್ಲದ ನೋಟ್ ಆದ ಕ್ರೋಚೆಟ್ ಮೂರು ಸಾಲಾಗಿ ನಿಂತಿದ್ದರೆ, 3/4. ಬೀಮ್ ದಪ್ಪಗಿರುವುದರಿಂದ ಮಸುಕಾದ ಫೋಟೋದಲ್ಲೂ ಉಳಿಯುತ್ತದೆ. ಆದರೆ ಹಾಡಿನ ಹಳೆಯ ಮುದ್ರಣಗಳಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ನೋಟ್ ಬಿಡಿಬಿಡಿಯಾಗಿ ಇರುತ್ತದೆ. ಅಲ್ಲಿ ಬೀಮ್ ಇಲ್ಲ, ಹಾಗಾಗಿ ಈ ದಾರಿ ನಡೆಯುವುದಿಲ್ಲ.

ಎಣಿಕೆಯೂ ಕೈಕೊಡುವ ಜಾಗ ಇನ್ನೊಂದಿದೆ. ಅಂಕಿಯ ಬದಲು ಸಿ ಅಕ್ಷರದಂಥ ಗುರುತು ಇದ್ದರೆ ಅದು 4/4. ಅದರ ಮೇಲೆ ನೇರವಾಗಿ ಒಂದು ಗೀಟು ಎಳೆದಿದ್ದರೆ 2/2. ಎರಡರಲ್ಲೂ ಬಾರ್‌ಗೆ ನಾಲ್ಕು ಕ್ರೋಚೆಟ್ ಅಳತೆಯೇ ಹಿಡಿಯುವುದು, ಕೂಡಿಸಿ ಏನೂ ಗೊತ್ತಾಗುವುದಿಲ್ಲ. ಇಲ್ಲಿ ಗೀಟನ್ನೇ ಹುಡುಕಬೇಕು. ಫೋಟೋ ದೊಡ್ಡದು ಮಾಡಿ ಗುರುತಿನ ನಡುವೆ ಕಣ್ಣು ಹಾಕಬೇಡಿ, ಅಲ್ಲಿ ಐದು ಗೆರೆಗಳೂ ಸೇರಿ ಕಲಸಿಹೋಗಿರುತ್ತದೆ. ಗೀಟಿನ ತುದಿಗಳು ಸಿ ಆಕಾರದ ಮೇಲೆ ಮತ್ತು ಕೆಳಗೆ ಸ್ವಲ್ಪ ಚಾಚಿಕೊಂಡಿರುತ್ತವೆ. ಆ ತುದಿ ಕಂಡರೆ ಸಾಕು.

ಇದೇ ಉಪಾಯ ಅಲಂಕಾರದ ಗುರುತುಗಳಿಗೂ ಆಗುತ್ತದೆ. ನೋಟ್‌ನ ಮೇಲೆ ಹಲ್ಲುಹಲ್ಲಾಗಿ ಒಂದು ಚಿಕ್ಕ ಅಂಕುಡೊಂಕು ಗೆರೆ ಇರುತ್ತದಲ್ವಾ, ಅದರ ನಡುವೆ ಲಂಬವಾಗಿ ಗೀಟು ಇದ್ದರೆ ಮಾರ್ಡೆಂಟ್. ನೋಟ್ ಸಿ ಆಗಿದ್ದರೆ ಸಿ-ಬಿ-ಸಿ ಅಂತ ಕೆಳಗಿನ ಸ್ವರವನ್ನು ಮುಟ್ಟಿ ಬರಬೇಕು. ಗೀಟು ಇಲ್ಲದಿದ್ದರೆ ಕೈ ಮೇಲಿನ ಸ್ವರ ಡಿ ಕಡೆಗೆ ಹೋಗುತ್ತದೆ. ಒಂದು ಗೀಟು ಕಾಣದೆ ಹೋದರೆ ದಿಕ್ಕೇ ತಿರುಗಿಹೋಗುತ್ತದೆ. ಇಲ್ಲೂ ಗೀಟಿನ ತುದಿ ಹಲ್ಲುಗಳ ಆಚೆ ಚಾಚಿದೆಯಾ ನೋಡಬೇಕು.

ಗೀಟಿಲ್ಲದ ಗುರುತಿನ ಹೆಸರು ಮಾತ್ರ ಕಾಲಕಾಲಕ್ಕೆ ಬೇರೆಯಾಗಿದೆ. ಜರ್ಮನ್ ಸಂಯೋಜಕ ಬಾಖ್ 1720ರಲ್ಲಿ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗಾಗಿ ಶುರುಮಾಡಿದ ಪುಸ್ತಕದಲ್ಲಿ ಅಲಂಕಾರಗಳ ಒಂದು ಪಟ್ಟಿ ಇದೆ. ಅದರಲ್ಲಿ ಇದಕ್ಕೆ ಟ್ರಿಲ್ ಎಂದೇ ಹೆಸರು, ನುಡಿಸುವುದು ಮೇಲಿನ ಸ್ವರದಿಂದ ಶುರುಮಾಡಿ: ಡಿ-ಸಿ-ಡಿ-ಸಿ. 19ನೇ ಶತಮಾನದ ಸಂಗೀತದಲ್ಲಿ ಅದೇ ಗುರುತನ್ನು ಸಾಮಾನ್ಯವಾಗಿ ಸಿ-ಡಿ-ಸಿ ಎಂದು ನುಡಿಸುತ್ತಾರೆ. ಆದ್ದರಿಂದ ಹಾಳೆಯ ಮೇಲಂಚಿನಲ್ಲಿರುವ ಸಂಯೋಜಕರ ಹೆಸರೂ ಫೋಟೋದಲ್ಲಿ ಬರಬೇಕು. ಎಷ್ಟೋ ಜನ ಅದನ್ನೇ ಕತ್ತರಿಸಿ ಕಳಿಸುತ್ತಾರೆ.

ಫೋಟೋ ಮತ್ತೆ ತೆಗೆಯಲು ಸಾಧ್ಯವಿದ್ದರೆ ಹಾಳೆಯನ್ನು ಸಮತಟ್ಟಾಗಿ ಹರಡಿ, ಬೆಳಕು ಪಕ್ಕದಿಂದ ಬರುವಂತೆ ಇಟ್ಟು, ನೇರ ಮೇಲಿನಿಂದ ತೆಗೆಯಿರಿ. ಪೂರ್ತಿ ಪುಟದ್ದು ಒಂದು, ಅನುಮಾನವಿರುವ ಸಾಲಿನದ್ದು ಹತ್ತಿರದಿಂದ ಇನ್ನೊಂದು. ಹತ್ತಿರದ ಫೋಟೋದಲ್ಲಿ ಸಾಲಿನ ಎಡತುದಿ ಮತ್ತು ಅದರ ಹಿಂದಿನ ಸಾಲಿನ ಬಲತುದಿ ಎರಡೂ ಇರಲಿ.